ಆ ಸಿಟ್ಟಿಗೆ ಹೊತ್ತುಗೊತ್ತು ಇದೆಯೇ ನೋಡಿ: ಪಿಯುಸಿ ಮಕ್ಕಳ ಹೆತ್ತವರಿಗೊಂದು ಬಹಿರಂಗ ಪತ್ರ

ಮೈಸೂರಿನ ಪಿಯು ಕಾಲೇಜುಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಎಲ್ಲ ತಂದೆ-ತಾಯಂದಿರಿಗೆ,

ಪೋಷಕರ ಸಭೆಯಲ್ಲಿ ಆಪ್ತಸಮಾಲೋಚಕಿಯಾಗಿ ನನ್ನ ಮಾತು ಮುಗಿದ ಮೇಲೆ, ಎದ್ದು ನಿಂತು ಕೇಳಲು ಮುಜುಗರವಾದರೆ ಚೀಟಿ ಬರೆದು ಕಳಿಸಿ ಅನ್ನುವುದು ನನ್ನ ರೂಢಿ. ಬರುವ ಚೀಟಿಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ‘ಮಗ ರೂಮಿನ ಬಾಗಿಲು ಹಾಕ್ಕೋತಾನೆ, ಮಾತಾಡಿಸಿದ್ರೆ ಸಿಡುಕ್ತಾನೆ, ಕಣ್ಣು ಕೆಂಪಗಿರುತ್ತೆ. ಗಾಂಜಾ ಇರಬಹುದಾ ಮೇಡಂ?’ ಇದಕ್ಕೆ ವೇದಿಕೆಯ ಮೇಲೆ ಎರಡು ನಿಮಿಷದಲ್ಲಿ ಉತ್ತರ ಕೊಟ್ಟರೆ ಅರ್ಧ ಜನ ಇಲ್ಲದ ಭಯ ಹೊತ್ತುಕೊಂಡು ಮನೆಗೆ ಹೋಗುತ್ತಾರೆ, ಇನ್ನರ್ಧ ಜನ ಇಲ್ಲದ ಧೈರ್ಯ ಹೊತ್ತುಕೊಂಡು. ಹಾಗಾಗಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮುಚ್ಚಿದ ಬಾಗಿಲು, ಸಿಡುಕು, ಕೆಂಪು ಕಣ್ಣು ಈ ಮೂರನ್ನೇ ಇಟ್ಟುಕೊಂಡು ಯಾರೂ ಏನೂ ಹೇಳಲಾಗದು. ನಾನೂ ಹೇಳಲಾರೆ, ಮನೋವೈದ್ಯರೂ ಹೇಳಲಾರರು. ಹದಿನಾರರ ಮಗುವಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಆದರೆ ಹರೆಯದಲ್ಲಿ ಮೆದುಳು ನಿದ್ದೆಯ ಹಾರ್ಮೋನನ್ನು ಬಿಡುಗಡೆ ಮಾಡುವ ಹೊತ್ತು ಒಂದೆರಡು ಗಂಟೆ ತಡವಾಗುತ್ತದೆ. ರಾತ್ರಿ ಹನ್ನೊಂದಾದರೂ ನಿದ್ದೆ ಬಾರದಿರುವುದು ಬರಿಯ ಹಠವಲ್ಲ, ದೇಹವೇ ಹಾಗೆ ಹೊಂದಿಕೊಂಡಿರುತ್ತದೆ. ಜೊತೆಗೆ ಮೊಬೈಲು ಇನ್ನೊಂದು ಗಂಟೆ ತಿನ್ನುತ್ತದೆ. ಬೆಳಗ್ಗೆ ಆರಕ್ಕೆ ಟ್ಯೂಷನ್. ಅಲ್ಲಿಗೆ ಐದೂವರೆ ಗಂಟೆ ನಿದ್ದೆ. ಇಂಥ ಮಗುವಿನ ಕಣ್ಣು ಕೆಂಪಾಗದೆ ಇನ್ನೇನಾದೀತು? ಭಾನುವಾರ ಹನ್ನೆರಡರವರೆಗೆ ಮಲಗುವುದು ವಾರದ ಸಾಲ ತೀರಿಸುವ ರೀತಿ. ಸಿಡುಕೂ ಅಷ್ಟೆ. ಹೊರಗೆ ಮೇಷ್ಟರ ಮುಂದೆ, ಗೆಳೆಯರ ಮುಂದೆ ಅದುಮಿಟ್ಟದ್ದನ್ನು ಮಕ್ಕಳು ಸುರಕ್ಷಿತವಾದ ಜಾಗಕ್ಕೆ ತಂದು ಸುರಿಯುತ್ತಾರೆ. ಆ ಜಾಗ ಅಮ್ಮ.

ಸಹಜವಾದ ಮುನಿಸಿಗೆ ಒಂದು ಕಾರಣ ಇರುತ್ತದೆ. ಅದು ನಿಮಗೆ ಕ್ಷುಲ್ಲಕವಾಗಿ ಕಾಣಬಹುದು, ಮಗು ಅದನ್ನು ಹೇಳದೆಯೂ ಇರಬಹುದು. ಟೆಸ್ಟಿನಲ್ಲಿ ಮಾರ್ಕ್ಸ್ ಕಡಿಮೆ ಬಂದಿರುತ್ತದೆ, ಮೊಡವೆ ಎದ್ದಿರುತ್ತದೆ, ಗುಂಪಿನ ಫೋಟೋದಲ್ಲಿ ತನ್ನನ್ನು ಬಿಟ್ಟಿರುತ್ತಾರೆ. ಅಂಥ ಮುನಿಸು ಕೆಲವು ಗಂಟೆಗಳಲ್ಲಿ, ತಪ್ಪಿದರೆ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಆಗಲೂ ಏನೋ ಒಂದು ಮೊದಲಿನಂತೆಯೇ ಉಳಿದಿರುತ್ತದೆ. ಅಪ್ಪನ ಜೊತೆ ಮಾತು ಬಿಟ್ಟ ಹುಡುಗ ಸಂಜೆ ಕ್ರಿಕೆಟ್ಟಿಗೆ ಹೋಗುತ್ತಾನೆ, ಊಟ ಬೇಡ ಅಂದ ಹುಡುಗಿ ದೋಸೆಯ ವಾಸನೆಗೆ ಅಡುಗೆಮನೆಗೆ ಬರುತ್ತಾಳೆ.

ಗಾಂಜಾ ಸೇದುವ ಮಗುವಿನ ಮನಸ್ಸು ಬೇರೆ ಥರ ಏರಿಳಿಯುತ್ತದೆ. ಅಲ್ಲಿ ಮನೆಯಲ್ಲಿ ನಡೆದ ಸಂಗತಿಗಿಂತ ಹೊತ್ತಿನ ಪಾತ್ರ ದೊಡ್ಡದು. ಈ ಪತ್ರದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಸೇದಿದ ಗಾಂಜಾ ಕೆಲವೇ ನಿಮಿಷಗಳಲ್ಲಿ ಮೆದುಳು ಮುಟ್ಟುತ್ತದೆ. ಅರ್ಧ ಗಂಟೆಯೊಳಗೆ ಅಮಲು ಏರಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ಬಾಯಿ ಒಣಗುತ್ತದೆ, ಕಣ್ಣಿನ ಬಿಳಿ ಕೆಂಪಾಗುತ್ತದೆ, ಹಸಿವು ಹೆಚ್ಚುತ್ತದೆ, ಕೇಳಿದ್ದಕ್ಕೆ ಉತ್ತರ ಒಂದು ಕ್ಷಣ ತಡವಾಗಿ ಬರುತ್ತದೆ. ಕೆಲವರಿಗೆ ಭಯ, ಗಾಬರಿ ಆಗುವುದುಂಟು. ಆದರೆ ಹೆಚ್ಚಿನ ಮಕ್ಕಳು ಆ ಹೊತ್ತಿನಲ್ಲಿ ಸಿಡುಕರಾಗಿರುವುದಿಲ್ಲ. ನಗುತ್ತಾರೆ, ತಂಗಿಯನ್ನು ರೇಗಿಸುತ್ತಾರೆ, ಇನ್ನೊಂದು ಚಪಾತಿ ಹಾಕಮ್ಮ ಅನ್ನುತ್ತಾರೆ. ಹೆತ್ತವರು ಮಾದಕ ವಸ್ತುವಿನ ಸುಳಿವನ್ನು ಮಗನ ಸಿಟ್ಟಿನಲ್ಲಿ ಹುಡುಕುತ್ತಿರುತ್ತಾರೆ. ಸೇದಿದ ಸಂಜೆಯೇ ಮನೆಯಲ್ಲಿ ಒಳ್ಳೆಯ ಸಂಜೆಯಾಗಿ ಲೆಕ್ಕಕ್ಕೆ ಬರುತ್ತದೆ.

ಸಿಟ್ಟು ಬರುವುದು ಆಮೇಲೆ. ವಾರದಲ್ಲಿ ಹೆಚ್ಚಿನ ದಿನ ಸೇದುವ ಅಭ್ಯಾಸವಾದವರಿಗೆ, ನಿಲ್ಲಿಸಿದ ಒಂದೆರಡು ದಿನಕ್ಕೆ ಹಿಂತೆಗೆತದ ಲಕ್ಷಣಗಳು ಶುರುವಾಗುತ್ತವೆ: ಕಿರಿಕಿರಿ, ಚಡಪಡಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು, ಬಂದರೂ ವಿಚಿತ್ರ ಕನಸು, ರಾತ್ರಿ ಬೆವರು. ಮೊದಲ ವಾರದಲ್ಲಿ ಇವು ತೀರಾ ಹೆಚ್ಚಾಗಿದ್ದು, ಸುಮಾರು ಎರಡು ವಾರಕ್ಕೆ ಬಹುಪಾಲು ತಗ್ಗುತ್ತವೆ. ಮತ್ತೆ ಸೇದಿದರೆ ಅದೇ ದಿನ ಮಾಯ. ಹಾಗಾಗಿ ನೀವು ನೋಡಬೇಕಾದದ್ದು ಸಿಟ್ಟು ಇದೆಯೋ ಇಲ್ಲವೋ ಎಂದಲ್ಲ. ಅದಕ್ಕೆ ಹೊತ್ತುಗೊತ್ತು ಇದೆಯೇ, ಯಾವ ದಿನ ಬರುತ್ತದೆ, ಏನಾದ ಮೇಲೆ ಹೋಗುತ್ತದೆ ಎಂದು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗದಿರಲೆಂದು ಎರಡು-ಮೂರು ಮನೆಗಳ ವಿವರಗಳನ್ನು ಕೂಡಿಸಿದ್ದೇನೆ. ಮೊದಲ ಪಿಯುಸಿ, ವಿಜ್ಞಾನ, ಹದಿನಾರು ವಯಸ್ಸು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ. ಅಪ್ಪನಿಗೆ ಪಾಳಿಯ ಕೆಲಸ. ಅಮ್ಮ ಮನೆಯ ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವವರು. ಮಗನ ವರ್ತನೆ ತಲೆಗೆ ಹತ್ತದೆ, ಅದೇ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕದ ಕೆಳಗೆ ಒಂದೆರಡು ಪದ ಗೀಚತೊಡಗಿದರು. ‘ರೇಗಾಟ.’ ‘ಊಟ ಬಿಟ್ಟ.’ ‘9ಕ್ಕೆ ಬಂದ, ಖುಷಿ.’ ನನ್ನ ಹತ್ತಿರ ಬಂದಾಗ ಆ ಹಾಳೆಗಳನ್ನೇ ಹರಿದು ತಂದಿದ್ದರು. ನಾನು ಎಷ್ಟೋ ಪ್ರಶ್ನಾವಳಿ ತುಂಬಿಸಿದ್ದೇನೆ, ಅವು ಯಾವುವೂ ಅಷ್ಟು ಹೇಳಿಲ್ಲ.

ಜುಲೈ ಹಾಳೆಯಲ್ಲಿ ‘ಖುಷಿ’ ಎಂದು ಇದ್ದದ್ದು ಶನಿವಾರಗಳಲ್ಲಿ ಮಾತ್ರ. ಫಿಸಿಕ್ಸ್ ಟ್ಯೂಷನ್ ಏಳೂವರೆಗೆ ಮುಗಿಯುತ್ತದೆ, ಮನೆ ಇಪ್ಪತ್ತು ನಿಮಿಷದ ದಾರಿ, ಅವನು ಬರುತ್ತಿದ್ದುದು ಒಂಬತ್ತಕ್ಕೆ. ಬಂದವನು ಐದಾರು ಚಪಾತಿ ತಿಂದು, ಆಮೇಲೆ ಹಾರ್ಲಿಕ್ಸ್ ಪುಡಿಯನ್ನು ಚಮಚದಲ್ಲಿ ಬಾಯಿಗೆ ಹಾಕಿಕೊಳ್ಳುತ್ತ ಟಿವಿ ಮುಂದೆ ಕೂರುತ್ತಿದ್ದ. ಸೆಪ್ಟೆಂಬರಿನ ಹೊತ್ತಿಗೆ ಅಂಥ ಸಂಜೆಗಳು ವಾರಕ್ಕೆ ನಾಲ್ಕಾಗಿದ್ದವು, ಎಲ್ಲವೂ ಟ್ಯೂಷನ್ ಇದ್ದ ದಿನಗಳೇ. ಭಾನುವಾರ ಮನೆಯವರೆಲ್ಲ ಒಟ್ಟಿಗೆ ಇರುತ್ತಿದ್ದರು, ಅವನಿಗೆ ಹೊರಗೆ ಹೋಗಲು ನೆಪವಿಲ್ಲ. ಭಾನುವಾರ ರಾತ್ರಿಯ ಚೌಕದಲ್ಲಿ ಸಾಲಾಗಿ ‘ರೇಗಾಟ’.

ದಸರಾ ರಜೆಯಲ್ಲಿ ಅಜ್ಜಿಯ ಊರಿಗೆ ಹೋದರು, ತೀರ್ಥಹಳ್ಳಿಯ ಹತ್ತಿರ. ಮೊದಲ ದಿನ ಸರಿಯಿದ್ದ. ಎರಡನೆಯ ದಿನದಿಂದ ಊಟ ಸರಿಸಿದ. ಅಜ್ಜಿ ಮಾಡಿದ ಕಡುಬು ಮುಟ್ಟಲಿಲ್ಲ. ರಾತ್ರಿ ಎರಡಕ್ಕೆ ಜಗುಲಿಯಲ್ಲಿ ಕೂತಿದ್ದ. ಮಲೆನಾಡಿನ ಚಳಿಯಲ್ಲಿ ಅವನ ಬನಿಯನ್ನು ಬೆವರಿಗೆ ತೊಯ್ದಿತ್ತು. ಒಂದು ದಿನವೂ ಅಜ್ಜಿಗೆ ಎದುರಾಡದವನು ಅವರ ಮೇಲೆ ಕೂಗಾಡಿದ. ಐದನೆಯ ದಿನಕ್ಕೆ ರೆಕಾರ್ಡ್ ಬರೆಯುವುದಿದೆ, ಊರಿಗೆ ಹೋಗೋಣ ಎಂದು ಹಠ.

ಅಮ್ಮನ ಅನುಮಾನ ಮೊಬೈಲಿನ ಮೇಲಿತ್ತು, ಅಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಅದು ತಪ್ಪು ಊಹೆಯೇನಲ್ಲ. ಮೊಬೈಲು ಇಲ್ಲದ ಮಕ್ಕಳೂ ಚಡಪಡಿಸುತ್ತಾರೆ. ಆದರೆ ಹಾಳೆಯಲ್ಲಿ ಎರಡು ವಿಷಯ ಆ ಊಹೆಗೆ ಕೂಡಿಬರಲಿಲ್ಲ. ನೆಟ್‌ವರ್ಕ್ ಇಲ್ಲವೆಂದು ಯಾರೂ ರಾತ್ರಿ ಬೆವರುವುದಿಲ್ಲ. ಇನ್ನೊಂದು, ಹಿಂತಿರುಗುವಾಗ ಬಸ್ಸು ಶಿವಮೊಗ್ಗ ತಲುಪುವ ಮುಂಚೆಯೇ ಮೊಬೈಲಿಗೆ ಜೀವ ಬಂದಿತ್ತು. ಮೈಸೂರಿನವರೆಗೂ ಅದನ್ನೇ ನೋಡುತ್ತ ಬಂದವನ ಮುಖ ಸಡಿಲವಾಗಲಿಲ್ಲ. ಮನೆಗೆ ಬಂದು ಚೀಲ ಇಟ್ಟವನೇ ಜೆರಾಕ್ಸ್ ಮಾಡಿಸಬೇಕೆಂದು ಹೊರಟ. ಮುಕ್ಕಾಲು ಗಂಟೆ ಬಿಟ್ಟು ಬಂದ. ಆ ದಿನದ ಚೌಕದಲ್ಲಿ ಅಮ್ಮನ ಕೈಬರಹ: ‘ಮೊದಲಿನ ಥರ ಆದ. 3 ಸಲ ಅನ್ನ.’

ಇದೊಂದೇ ಆಗಿದ್ದರೆ ನಾನು ಇನ್ನೂ ಕಾಯಿರಿ ಅನ್ನುತ್ತಿದ್ದೆ. ಹೊತ್ತಿನ ಜೊತೆ ಬೇರೆ ಸುಳಿವುಗಳು ಕೂಡಿಬರುತ್ತಿವೆಯೇ ನೋಡಬೇಕು. ಈ ಹುಡುಗನಲ್ಲಿ ದುಡ್ಡು ಕೂಡಿಬಂತು. ಬಸ್ ಪಾಸ್ ಇದ್ದರೂ ಬಸ್ಸಿಗೆಂದು ದುಡ್ಡು, ಜೆರಾಕ್ಸಿಗೆ ಐವತ್ತು, ಗ್ರಾಫ್ ಶೀಟಿಗೆ ನೂರು. ಮೊತ್ತ ದೊಡ್ಡದಲ್ಲ, ಆದರೆ ಪದೇಪದೇ, ಅದೂ ಟ್ಯೂಷನ್ ದಿನಗಳಲ್ಲೇ. ಒಂದು ವಿಷಯದಲ್ಲಲ್ಲ, ಎಲ್ಲ ವಿಷಯದಲ್ಲೂ ಅಂಕ ನಿಧಾನವಾಗಿ ಜಾರಿತ್ತು. ಏಳನೇ ಕ್ಲಾಸಿನಿಂದ ಮನೆಗೆ ಬರುತ್ತಿದ್ದ ಗೆಳೆಯ ಬರುವುದನ್ನು ಬಿಟ್ಟಿದ್ದ. ಹೊಸ ಗೆಳೆಯರಿಗೆ ಹೆಸರೇ ಇರಲಿಲ್ಲ, ‘ಟ್ಯೂಷನ್ ಫ್ರೆಂಡ್’ ಅಷ್ಟೆ. ಬ್ಯಾಗಿನಲ್ಲಿ ಕಣ್ಣಿಗೆ ಹಾಕುವ ಡ್ರಾಪ್ಸ್, ಬ್ಯಾಗಿನ ತಳದಲ್ಲಿ ಉದುರಿದ ಹೊಗೆಸೊಪ್ಪಿನ ಎಳೆ. ಸಿಗರೇಟು ಮಾತ್ರ ಎಲ್ಲೂ ಇಲ್ಲ. ಸಿಗರೇಟಿನ ಹೊಗೆಸೊಪ್ಪು ಉದುರಿಸಿ ಅದರೊಳಗೆ ಗಾಂಜಾ ತುಂಬುವುದು ಹುಡುಗರ ಸಾಮಾನ್ಯ ಪದ್ಧತಿ. ನೋಟ್‌ಬುಕ್ಕಿನ ರಟ್ಟಿನಿಂದ ಬೆರಳಗಲದ ಪಟ್ಟಿಗಳನ್ನು ನೀಟಾಗಿ ಹರಿದು ತೆಗೆಯಲಾಗಿತ್ತು. ಅದನ್ನು ಸುರುಳಿ ಸುತ್ತಿ ಬಾಯಿಗಿಡುವ ತುದಿ ಮಾಡುತ್ತಾರೆ.

ಬಿಡಿಯಾಗಿ ಹಿಡಿದರೆ ಇವುಗಳಲ್ಲಿ ಪ್ರತಿಯೊಂದಕ್ಕೂ ನಿರಪಾಯದ ಕಾರಣ ಇರಬಲ್ಲದು. ಕಣ್ಣಿನ ಡ್ರಾಪ್ಸ್ ಅಲರ್ಜಿಗೂ ಬೇಕು. ಗೆಳೆಯರು ಬದಲಾಗುವ ವಯಸ್ಸೂ ಅದೇ. ‘ಈ ಹತ್ತು ಲಕ್ಷಣ ಕಂಡರೆ ನಿಮ್ಮ ಮಗು ವ್ಯಸನಿ’ ಎಂದು ವಾಟ್ಸಾಪಿನಲ್ಲಿ ಸುತ್ತುವ ಪಟ್ಟಿಗಳ ಮೇಲೆ ನನಗೆ ಕೋಪವಿರುವುದು ಇದಕ್ಕೇ. ಅವುಗಳಲ್ಲಿ ಏಳು ಲಕ್ಷಣ ಯಾವ ಮನೆಯ ಹದಿಹರೆಯದವರಿಗಾದರೂ ಹೊಂದುತ್ತವೆ. ಮನಸ್ಸು, ದುಡ್ಡು, ಹೊತ್ತು, ಗೆಳೆಯರು, ಓದು ಎಲ್ಲವೂ ಒಂದೇ ಕಾಲಕ್ಕೆ, ಒಂದೇ ದಿಕ್ಕಿಗೆ, ಆ ಮಗು ಮೊದಲು ಇದ್ದ ರೀತಿಯಿಂದ ಜರುಗಿವೆಯೇ ಎಂಬುದು ಮುಖ್ಯ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ಪ್ರಯೋಜನವಿಲ್ಲ.

ನೀವೂ ಹಾಗೊಂದು ಕ್ಯಾಲೆಂಡರ್ ಇಡಬಹುದು. ಎರಡು-ಮೂರು ವಾರ ಸಾಕು. ದಿನ ಮತ್ತು ಗಂಟೆ, ಕಂಡದ್ದು, ಅದಕ್ಕೆ ಮುಂಚೆ ಏನಾಗಿತ್ತು, ಎಷ್ಟು ಹೊತ್ತು ಇತ್ತು, ಇಷ್ಟೇ ಬರೆಯಿರಿ. ‘ಸುಳ್ಳು ಹೇಳಿದ’ ಎಂದು ತೀರ್ಪು ಬರೆಯಬೇಡಿ, ‘8ಕ್ಕೆ ಬರ್ತೀನಿ ಅಂದ, 9.10ಕ್ಕೆ ಬಂದ’ ಎಂದು ಬರೆಯಿರಿ. ಒಳ್ಳೆಯ ದಿನಗಳನ್ನೂ ಬಿಡದೆ ಬರೆಯಿರಿ. ಅವಿಲ್ಲದಿದ್ದರೆ ಹೊತ್ತು ಕಾಣಿಸುವುದೇ ಇಲ್ಲ.

ಅದೇ ರೀತಿ ಬರೆದು ಬೇರೆಯದೇ ಉತ್ತರ ಸಿಕ್ಕ ಮನೆಯೂ ಇದೆ. ಎರಡನೇ ಪಿಯುಸಿ ಕಾಮರ್ಸ್ ಓದುವ ಹುಡುಗಿ. ಕೆಂಪು ಕಣ್ಣು, ಒಂಟಿಯಾಗಿ ಕೂರುವುದು, ಅಂಕ ಕುಸಿತ, ಊಟ ಕಡಿಮೆ. ಅಪ್ಪನಿಗೆ ಖಾತ್ರಿಯಾಗಿಬಿಟ್ಟಿತ್ತು. ಅಮ್ಮ ಬರೆದ ಹಾಳೆಯನ್ನು ನೋಡಿದರೆ ಏರಿಳಿತವೇ ಇರಲಿಲ್ಲ. ಕಾಲೇಜಿನ ದಿನ, ಭಾನುವಾರ, ಹಬ್ಬ, ಅಕ್ಕನ ನಿಶ್ಚಿತಾರ್ಥ ಎಲ್ಲ ಚೌಕದಲ್ಲೂ ಅದೇ ಮಂಕು. ನಸುಕಿಗೆ ಮೂರೂವರೆಗೆ ಎಚ್ಚರವಾಗಿ ಮತ್ತೆ ನಿದ್ದೆ ಇಲ್ಲ. ದಿನಾ ಚಿತ್ರ ಬಿಡಿಸುತ್ತಿದ್ದವಳು ಬಣ್ಣದ ಡಬ್ಬಿ ಮುಟ್ಟಿರಲಿಲ್ಲ. ದುಡ್ಡು ಕೇಳಿರಲಿಲ್ಲ, ತಡವಾಗಿ ಬಂದಿರಲಿಲ್ಲ. ಇಂಥ ಮಂಕು ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಕ್ಕೂ ಮೀರಿ ಇದ್ದರೆ ಖಿನ್ನತೆ ಇದೆಯೇ ಎಂದು ವೈದ್ಯರು ನೋಡಲೇಬೇಕು. ಅವಳಿಗೆ ಇದ್ದದ್ದು ಅದೇ. ಖಿನ್ನತೆಯೂ ಗಾಂಜಾವೂ ಒಂದೇ ಮಗುವಿನಲ್ಲಿ ಇರುವುದುಂಟು, ಎಷ್ಟೋ ಮಕ್ಕಳು ಮಂಕು ಕಳೆಯಲೆಂದೇ ಸೇದಲು ಶುರುಮಾಡುತ್ತಾರೆ. ಹಾಗಾಗಿ ಕ್ಯಾಲೆಂಡರು ರೋಗನಿರ್ಣಯವಲ್ಲ. ಯಾವ ಬಾಗಿಲು ತಟ್ಟಬೇಕು ಎಂದು ತೋರಿಸುವಷ್ಟಕ್ಕೆ ಅದು ಒದಗುತ್ತದೆ.

ಆ ಅಪ್ಪ ಅಷ್ಟರಲ್ಲಿ ಆನ್‌ಲೈನಿನಲ್ಲಿ ಮೂತ್ರ ಪರೀಕ್ಷೆಯ ಕಿಟ್ ತರಿಸಿ, ಮಗಳಿಗೆ ‘ಶುಗರ್ ಟೆಸ್ಟ್’ ಎಂದು ಹೇಳಿ ಮಾಡಿಸಿದ್ದರು. ನೆಗೆಟಿವ್ ಬಂತು. ಡಬ್ಬಿ ಮಗಳ ಕೈಗೆ ಸಿಕ್ಕಿತು. ಅವಳು ನನ್ನ ಮುಂದೆ ಬಾಯಿ ಬಿಡಲು ತಿಂಗಳು ಹಿಡಿಯಿತು. ಕಿಟ್ ಬಗ್ಗೆ ಹಲವರು ಕೇಳುವುದರಿಂದ ಅದರ ಮಿತಿ ಹೇಳಿಬಿಡುತ್ತೇನೆ. ಅಪರೂಪಕ್ಕೆ ಒಮ್ಮೆ ಸೇದಿದರೆ ಮೂತ್ರದಲ್ಲಿ ಸುಮಾರು ಮೂರು ದಿನ ಕಾಣಬಹುದು, ದಿನವೂ ಸೇದುವವರಲ್ಲಿ ನಿಲ್ಲಿಸಿ ಹಲವು ವಾರವಾದರೂ ಕಾಣಬಹುದು. ಅಂದರೆ ನೆಗೆಟಿವ್ ಬಂದರೆ ಏನೂ ಇಲ್ಲ ಎಂದಲ್ಲ. ಪಾಸಿಟಿವ್ ಬಂದರೆ ನಿನ್ನೆ ಸೇದಿದ ಎಂದೂ ಅಲ್ಲ. ಗಾಂಜಾ ನೋಡುವ ಕಿಟ್ಟಿಗೆ ವೈಟ್‌ನರ್ ಕಾಣುವುದಿಲ್ಲ, ವೇಪ್‌ನಲ್ಲಿರುವ ನಿಕೋಟಿನ್ ಕಾಣುವುದಿಲ್ಲ, ಕೆಲವು ನೋವಿನ ಮಾತ್ರೆಗಳೂ ಕಾಣುವುದಿಲ್ಲ. ಕಳ್ಳತನದಲ್ಲಿ ಮಾಡಿಸಿದ ಪರೀಕ್ಷೆಯಿಂದ ಸಿಗುವುದು ಕಡಿಮೆ, ಕಳೆದುಕೊಳ್ಳುವುದು ಹೆಚ್ಚು. ವೈದ್ಯರು ಮಗುವಿಗೆ ತಿಳಿಸಿ, ಒಪ್ಪಿಸಿ ಮಾಡಿಸಿದರೆ ಅದಕ್ಕೊಂದು ಉಪಯೋಗವಿದೆ.

ಮೇಲೆ ಹೇಳಿದ ಹೊತ್ತಿನ ಲೆಕ್ಕ ಗಾಂಜಾಕ್ಕೆ ಸರಿ. ಎಲ್ಲಕ್ಕೂ ಅಲ್ಲ. ವೇಪ್ ಅಥವಾ ಸಿಗರೇಟು ಅಂಟಿದ್ದರೆ ಚಡಪಡಿಕೆ ದಿನಗಳ ಲೆಕ್ಕದಲ್ಲಿ ಬರುವುದಿಲ್ಲ, ಗಂಟೆಗಳ ಲೆಕ್ಕದಲ್ಲಿ ಬರುತ್ತದೆ. ಎರಡು-ಮೂರು ಗಂಟೆಗೊಮ್ಮೆ ಟೆರೇಸಿಗೋ ಬಚ್ಚಲಿಗೋ ಹೋಗಿ ಬಂದು ಸಮಾಧಾನವಾಗುವುದು, ಹಣ್ಣಿನ ಮಿಠಾಯಿಯಂಥ ವಾಸನೆ, ಪೆನ್‌ಡ್ರೈವ್ ಥರದ ವಸ್ತು. ಇ-ಸಿಗರೇಟಿನ ಮಾರಾಟ ದೇಶದಲ್ಲಿ 2019ರಿಂದ ನಿಷೇಧವಾಗಿದೆ, ಆದರೂ ಮಕ್ಕಳ ಕೈಗೆ ಬರುತ್ತಿದೆ. ನೋವಿನ ಮಾತ್ರೆಗಳ ಅಮಲಿನಲ್ಲಿ ಕಣ್ಣಿನ ಪಾಪೆ ಮಂದ ಬೆಳಕಿನಲ್ಲೂ ಸಾಸಿವೆ ಕಾಳಿನಷ್ಟು ಚಿಕ್ಕದಾಗಿರುತ್ತದೆ, ಮೈ ಕೆರೆದುಕೊಳ್ಳುತ್ತಾರೆ, ಕೂತಲ್ಲೇ ತೂಕಡಿಸುತ್ತಾರೆ. ಮನೆಯಲ್ಲಿ ಅಜ್ಜ-ಅಜ್ಜಿಯರ ನೋವಿನ, ನಿದ್ದೆಯ ಮಾತ್ರೆಗಳಿದ್ದರೆ ಸ್ಟ್ರಿಪ್ಪುಗಳನ್ನು ಎಣಿಸಿಡಿ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಭಯ ವೈಟ್‌ನರ್, ಥಿನ್ನರ್, ಪಂಕ್ಚರ್ ಸಲ್ಯೂಷನ್‌ಗಳದ್ದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಬಳಕೆ ಕಂಡದ್ದು ಹೀಗೆ ಮೂಸುವ ವಸ್ತುಗಳಲ್ಲಿ ಮಾತ್ರ: 10ರಿಂದ 17ರ ವಯಸ್ಸಿನವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಅಗ್ಗ, ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ, ಅಮಲು ಹೆಚ್ಚೆಂದರೆ ಮುಕ್ಕಾಲು ಗಂಟೆ. ಮನೆಗೆ ಬರುವಷ್ಟರಲ್ಲಿ ಇಳಿದಿರುತ್ತದೆ, ಹೊತ್ತಿನ ಲೆಕ್ಕಕ್ಕೆ ಸಿಗುವುದಿಲ್ಲ. ಇಲ್ಲಿ ಮೂಗನ್ನು ನಂಬಿ. ಬಣ್ಣದಂಗಡಿಯ ವಾಸನೆ ಬರುವ ಕರ್ಚೀಫು, ಬಿಳಿ ಕಲೆ ಹತ್ತಿ ಬಿರುಸಾದ ಅಂಗಿಯ ತೋಳು, ಬಾಯಿ-ಮೂಗಿನ ಸುತ್ತ ಒಣಗಿ ಕೆಂಪಾದ ಚರ್ಮ. ಇದನ್ನು ಮೂಸಿದಾಗ ಹೃದಯದ ಬಡಿತ ಲಯತಪ್ಪಿ ಮೊದಲ ಸಲವೇ ಪ್ರಾಣ ಹೋಗಬಹುದು. ಗಾಬರಿ, ಓಟ, ಹೊಡೆದಾಟ ಆ ಅಪಾಯವನ್ನು ಹೆಚ್ಚಿಸುತ್ತವೆ. ಆದ್ದರಿಂದ ಮೂಸುತ್ತಿರುವಾಗ ಕಣ್ಣಿಗೆ ಬಿದ್ದರೆ ಕೂಗಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಮೆಲ್ಲಗೆ ವಸ್ತುವನ್ನು ದೂರ ಸರಿಸಿ, ಗಾಳಿಯಾಡುವ ಜಾಗದಲ್ಲಿ ಕೂರಿಸಿ, ಜೊತೆಗೇ ಇರಿ. ಪ್ರಜ್ಞೆ ತಪ್ಪಿದರೆ, ಉಸಿರು ಏರುಪೇರಾದರೆ 108ಕ್ಕೆ ಕರೆ ಮಾಡಿ. ಬೈಗುಳ ನಾಳೆಗೂ ಸಿಗುತ್ತದೆ.

ಮತ್ತೆ ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಅಪ್ಪನಿಗೆ ಅನುಮಾನ ಗಟ್ಟಿಯಾದ ರಾತ್ರಿಯೇ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಬೇಕೆಂಬ ಆತುರ. ಅಮಲಿನಲ್ಲಿರುವ ಮಗುವಿನ ಜೊತೆ ಆಡಿದ ಮಾತು ನಿಲ್ಲುವುದಿಲ್ಲ, ಜಗಳ ಮಾತ್ರ ನಿಲ್ಲುತ್ತದೆ. ಮರುದಿನ ಮಧ್ಯಾಹ್ನ, ತಂಗಿ ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ, ಅಮ್ಮ ಒಬ್ಬರೇ ಕೂತು ತಾವು ಕಂಡದ್ದನ್ನಷ್ಟೇ ಹೇಳಿದರು. ‘ಟ್ಯೂಷನ್ ದಿನ ಒಂದು ಗಂಟೆಗಿಂತ ಜಾಸ್ತಿ ಲೇಟಾಗ್ತಿದೆ. ಅಜ್ಜಿ ಮನೇಲಿ ನಿನಗೆ ನಿದ್ದೆ ಬರ್ಲಿಲ್ಲ, ಬೆವರ್ತಿದ್ದೆ. ಬ್ಯಾಗಲ್ಲಿ ಹೊಗೆಸೊಪ್ಪು ಸಿಕ್ತು. ಗಾಂಜಾ ಸೇದ್ತಿದ್ದೀಯಾ ಅಂತ ನಂಗೆ ಅನುಮಾನ. ಬೇರೆ ಏನಾದ್ರೂ ಇದ್ರೆ ಹೇಳು, ಕೇಳ್ತೀನಿ.’ ಅವನು ‘ಏನಿಲ್ಲಮ್ಮ, ಸುಮ್ನೆ ತಲೆ ತಿನ್ಬೇಡ’ ಎಂದು ಎದ್ದುಹೋದ. ಅವರು ವಾದ ಮಾಡಲಿಲ್ಲ, ಆಣೆ ಹಾಕಿಸಲಿಲ್ಲ. ಆಣೆ ಹಾಕಿಸಿದರೆ ಮಗುವಿನ ಬಾಯಲ್ಲಿ ಒಂದು ಸುಳ್ಳನ್ನು ಭದ್ರಪಡಿಸಿದಂತೆ. ಆಮೇಲೆ ಅದನ್ನು ವಾಪಸು ತೆಗೆದುಕೊಳ್ಳಲು ಮಗುವಿಗೆ ದಾರಿ ಇರುವುದಿಲ್ಲ. ಕೆಲವು ದಿನ ಬಿಟ್ಟು ಅವನೇ ಹೇಳಿದ: ‘ಯಾವಾಗಲೋ ಒಂದ್ಸಲ, ತಿಂಗಳಿಗೊಂದ್ಸಲ.’

ಮಕ್ಕಳು ಮೊದಲು ಹೇಳುವ ಲೆಕ್ಕ ಯಾವಾಗಲೂ ಕಡಿಮೆ ಇರುತ್ತದೆ. ಅದನ್ನು ಹಿಡಿದು ಜಗ್ಗಬೇಡಿ. ಒಪ್ಪಿಕೊಂಡದ್ದೇ ದೊಡ್ಡದು. ಉಳಿದದ್ದು ನಮ್ಮ ಕೆಲಸ. ನಾವು ಮಗುವನ್ನು ಒಂಟಿಯಾಗಿ ಮಾತಾಡಿಸುತ್ತೇವೆ. ಹೆತ್ತವರು ಹೊರಗೆ ಕಾಯಬೇಕು, ಇದಕ್ಕೆ ಬೇಸರಪಡಬೇಡಿ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ರೂಪಿಸಿದ, ಕ್ರಾಫ್ಟ್ ಎಂಬ ಆರು ಪ್ರಶ್ನೆಗಳ ಒಂದು ಚಿಕ್ಕ ಸಾಧನವಿದೆ. ಅಮಲಿನಲ್ಲಿದ್ದವರು ಓಡಿಸುವ ಗಾಡಿ ಹತ್ತಿದ್ದೀಯಾ, ಹಗುರಾಗಲು ಅಥವಾ ಗುಂಪಿಗೆ ಹೊಂದಿಕೊಳ್ಳಲು ಬಳಸಿದ್ದೀಯಾ, ಒಬ್ಬನೇ ಇದ್ದಾಗ ಬಳಸಿದ್ದೀಯಾ, ಆಗ ಮಾಡಿದ್ದು ಮರೆತುಹೋಗಿದೆಯಾ, ಮನೆಯವರೋ ಗೆಳೆಯರೋ ಕಡಿಮೆ ಮಾಡು ಅಂದಿದ್ದಾರಾ, ಅದರಿಂದ ತೊಂದರೆಗೆ ಸಿಕ್ಕಿಕೊಂಡಿದ್ದೀಯಾ. ಎರಡಕ್ಕೋ ಅದಕ್ಕಿಂತ ಹೆಚ್ಚಿಗೋ ಹೌದು ಬಂದರೆ ವಿವರವಾಗಿ ಪರೀಕ್ಷಿಸಬೇಕು ಎಂದರ್ಥ. ಇದನ್ನು ಮನೆಯಲ್ಲಿ ಮಗುವನ್ನು ಕೂರಿಸಿಕೊಂಡು ಕೇಳಬೇಡಿ, ಅಪ್ಪ-ಅಮ್ಮನ ಎದುರು ನಿಜ ಬರುವುದಿಲ್ಲ. ಈ ಹುಡುಗ ನಾಲ್ಕಕ್ಕೆ ಹೌದು ಅಂದ. ನನ್ನನ್ನು ತಡೆದು ನಿಲ್ಲಿಸಿದ್ದು ಮೂರನೆಯ ಪ್ರಶ್ನೆ. ಗುಂಪಿನಲ್ಲಿ ಶುರುವಾದದ್ದು ಒಬ್ಬನೇ ಇರುವಾಗಲೂ ಬೇಕೆನಿಸಿದರೆ ಅದು ಗೆಳೆಯರ ಸಹವಾಸದ ಮಟ್ಟ ದಾಟಿದೆ. ಗೆಳೆಯ ಮೊದಲ ಸಲ ಕೊಟ್ಟ ದಿನ ತನಗೆ ಎಷ್ಟೋ ದಿನಗಳಲ್ಲಿ ಮೊದಲ ಬಾರಿಗೆ ಸರಿಯಾಗಿ ನಿದ್ದೆ ಬಂತು ಎಂದು ಹೇಳಿದ. ನೀಟ್ ತಯಾರಿಯ ಒತ್ತಡದಲ್ಲಿ ಅವನ ನಿದ್ದೆ ಹಾಳಾಗಿದ್ದು ಜೂನ್‌ನಲ್ಲೇ. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವನಿಗೆ ಆಸ್ಪತ್ರೆ ಸೇರುವ ಅಗತ್ಯ ಬೀಳಲಿಲ್ಲ, ಈ ಹಂತದಲ್ಲಿ ಹೆಚ್ಚಿನ ಮಕ್ಕಳಿಗೆ ಬೀಳುವುದಿಲ್ಲ. ಮನೋವೈದ್ಯರು ನೋಡಿದರು, ವಾರಕ್ಕೊಮ್ಮೆ ಆಪ್ತಸಮಾಲೋಚನೆ, ನಿದ್ದೆಗೆ ಕ್ರಮ, ಟ್ಯೂಷನ್ನಿನ ಬ್ಯಾಚ್ ಬದಲು. ಇಲ್ಲೊಂದು ಎಚ್ಚರಿಕೆ ಕೊಡಲೇಬೇಕು, ಎಷ್ಟೋ ಮನೆಗಳಲ್ಲಿ ಎಡವುವುದು ಇಲ್ಲೇ. ನಿಲ್ಲಿಸಿದ ಮೊದಲ ಎರಡು ವಾರ ಅವನು ಇನ್ನೂ ಕೆಟ್ಟದಾಗಿ ಕಾಣುತ್ತಾನೆ. ರೇಗುತ್ತಾನೆ, ಉಣ್ಣುವುದಿಲ್ಲ, ರಾತ್ರಿಯಿಡೀ ಎದ್ದಿರುತ್ತಾನೆ. ಅದನ್ನು ನೋಡಿದ ಹೆತ್ತವರು ‘ಮತ್ತೆ ಶುರುಮಾಡಿದ’ ಎಂದು ಕೂಗಾಡುತ್ತಾರೆ, ನಿಜವಾಗಿ ಬಿಟ್ಟ ಮಗುವಿಗೆ ಬಿಟ್ಟೂ ಪ್ರಯೋಜನವಿಲ್ಲ ಅನಿಸಿಬಿಡುತ್ತದೆ. ಈ ಹುಡುಗನ ಅಪ್ಪನಿಗೆ ಆ ಎರಡು ವಾರದ ದಿನಾಂಕಗಳನ್ನು ನಾನೇ ಕ್ಯಾಲೆಂಡರಿನಲ್ಲಿ ಗೆರೆ ಎಳೆದು ಕೊಟ್ಟಿದ್ದೆ. ಡಿಸೆಂಬರಿನ ಪರೀಕ್ಷೆ ಮುಗಿದ ದಿನ ಅವನು ಒಮ್ಮೆ ಜಾರಿದ, ಎರಡು ದಿನ ಬಿಟ್ಟು ತಾನೇ ಬಂದು ಹೇಳಿದ.

ಕಾಯದೆ ತಕ್ಷಣ ಕರೆದೊಯ್ಯಬೇಕಾದ ಸಂದರ್ಭಗಳೂ ಇವೆ. ಸಾಯುವ ಮಾತು, ಕೈ ಕುಯ್ದುಕೊಂಡ ಗುರುತು, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನ, ಇಲ್ಲದ ದನಿ ಕೇಳಿಸುವುದು. ಕೊನೆಯ ಎರಡು ಗಾಂಜಾದಿಂದಲೂ ಬರಬಹುದು, ಗಾಂಜಾ ಇಲ್ಲದೆಯೂ ಬರಬಹುದು. ಯಾವುದರಿಂದ ಎಂದು ಮನೆಯಲ್ಲಿ ತೀರ್ಮಾನಿಸುತ್ತ ಕೂರಬೇಡಿ. ಇವಕ್ಕೆ ಮೂರು ವಾರದ ಕ್ಯಾಲೆಂಡರ್ ಅನ್ವಯಿಸುವುದಿಲ್ಲ.

ಪೊಲೀಸ್ ಕೇಸ್ ಆಗುತ್ತದೆಯೇ ಎಂದು ಚೀಟಿಗಳಲ್ಲಿ ಕೇಳಿದವರಿಗೆ: ಚಿಕಿತ್ಸೆಗೆ ಬಂದ ಮಗುವಿನ ಆರೋಗ್ಯದ ವಿವರ ಗೋಪ್ಯವಾಗಿರಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಮಗುವಿಗೆ ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಸೆರೆವಾಸವಿದೆ, ಕಾನೂನಿನ ಬಿರುಸು ಇರುವುದು ಆ ಕಡೆಗೆ. ‘ಮೂರು ತಿಂಗಳು ಬಿಟ್ಟುಹೋಗಿ, ಸರಿಮಾಡಿ ಕೊಡ್ತೀವಿ’ ಅನ್ನುವ ಕೇಂದ್ರಗಳಿಗೆ ಹದಿನಾರರ ಮಗುವನ್ನು ಒಪ್ಪಿಸಬೇಡಿ. ಹದಿನೆಂಟರೊಳಗಿನವರನ್ನು ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಒಳರೋಗಿಯಾಗಿ ಸೇರಿಸುವುದಾದರೆ ಹೆತ್ತವರೋ ಅವರು ನೇಮಿಸಿದವರೋ ಉದ್ದಕ್ಕೂ ಜೊತೆಗಿರಬೇಕು ಎಂದು ಅದೇ 2017ರ ಕಾಯ್ದೆಯಲ್ಲಿದೆ. ಹೆತ್ತವರನ್ನು ಹೊರಗಿಡುವ ಜಾಗ ಮಗುವಿಗೆ ತಕ್ಕ ಜಾಗವಲ್ಲ.

ಎಲ್ಲಿಂದ ಶುರುಮಾಡುವುದು ಎಂದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿರುತ್ತದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೂ ಮಕ್ಕಳ ಮನೋವೈದ್ಯಕ್ಕೂ ಬೇರೆಬೇರೆ ವಿಭಾಗಗಳಿವೆ. ಮೊದಲ ಭೇಟಿಗೆ ಬರುವಾಗ ಬರೆದಿಟ್ಟ ಹಾಳೆಗಳನ್ನು, ಮಗು ತೆಗೆದುಕೊಳ್ಳುತ್ತಿರುವ ಬೇರೆ ಮಾತ್ರೆಗಳ ಚೀಟಿಯನ್ನು, ಈ ವರ್ಷದ ಮತ್ತು ಹೋದ ವರ್ಷದ ಅಂಕಪಟ್ಟಿಯನ್ನು ತನ್ನಿ. ಎಲ್ಲಿಗೆ ಕರೆದೊಯ್ಯುತ್ತಿದ್ದೀರಿ ಎಂಬುದನ್ನು ಮಗುವಿಗೆ ಹಿಂದಿನ ದಿನವೇ ಹೇಳಿ. ದೇವಸ್ಥಾನಕ್ಕೆಂದು ಹೊರಡಿಸಿ ಆಸ್ಪತ್ರೆಯ ಮುಂದೆ ಆಟೋದಿಂದ ಇಳಿಸಿದ ಮಕ್ಕಳು ನಮ್ಮ ಹತ್ತಿರ ಮಾತಾಡುವುದಿಲ್ಲ.

ಇತಿ ನಿಮ್ಮ,
ಒಬ್ಬ ಆಪ್ತಸಮಾಲೋಚಕಿ
ಮೈಸೂರು